ಮೂರು ಉಪ್ಪಿನಕಾಯಿ ಪುಟ, ಗೂಗಲ್‌ನಲ್ಲಿ ಒಂದೇ ಮುಖ: ಶೀರ್ಷಿಕೆ, ವಿವರಣೆ ಸರಿಪಡಿಸುವುದು ಹೇಗೆ?

ಪ್ರಶ್ನೆ: ಶಿರಸಿ ತಾಲೂಕಿನಲ್ಲಿ ನಮ್ಮದೊಂದು ಚಿಕ್ಕ ಗೃಹೋದ್ಯಮ. ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ, ಹಲಸಿನ ಹಪ್ಪಳ, ಮುರುಗಲು ಮಾರುತ್ತೇವೆ. ವರ್ಡ್‌ಪ್ರೆಸ್‌ನಲ್ಲಿ 14 ಪುಟದ ವೆಬ್‌ಸೈಟ್ ಇದೆ, ಬರಹವೆಲ್ಲ ಕನ್ನಡದಲ್ಲಿ. ಗೂಗಲ್‌ನಲ್ಲಿ ಹುಡುಕಿದರೆ ಮೂರು ಉಪ್ಪಿನಕಾಯಿ ಪುಟಗಳೂ ಒಂದೇ ಥರ ಕಾಣುತ್ತವೆ. ಎಲ್ಲ ಪುಟಕ್ಕೂ ಮೆಟಾ ವಿವರಣೆ, ಅಂದರೆ ಗೂಗಲ್‌ನಲ್ಲಿ ಶೀರ್ಷಿಕೆಯ ಕೆಳಗೆ ತೋರಿಸಲೆಂದು ಬರೆಯುವ ಸಾಲು, ಹಾಕಿದ್ದೇವೆ ಅಂತ ಸೈಟ್ ಮಾಡಿಕೊಟ್ಟವರು ಹೇಳುತ್ತಾರೆ. ಆದರೆ ಕೆಳಗೆ ಕಾಣುವುದು "ಮಳೆಗಾಲದಲ್ಲಿ ಪಾರ್ಸೆಲ್ ತಡವಾಗಬಹುದು" ಎಂಬ ಸಾಲು. ಶೀರ್ಷಿಕೆಯಲ್ಲಿ ಇನ್ನಷ್ಟು ಕೀವರ್ಡ್ ತುಂಬಿಸಿ, ಮೇಲೆ ಬರುತ್ತದೆ ಅಂತ ಇನ್ನೊಬ್ಬರು ಹೇಳಿದರು. ಯಾರ ಮಾತು ಕೇಳಲಿ?

ಉತ್ತರ: ಮೊದಲನೆಯವರು ಸುಳ್ಳು ಹೇಳಿಲ್ಲ, ಎರಡನೆಯವರ ಮಾತು ಕೇಳಬೇಡಿ. ನಿಮ್ಮ ಸೈಟಿನ ಮೂಲ ಕೋಡ್ ತೆರೆದು ನೋಡಿದರೆ ಕಾರಣ ಅಲ್ಲೇ ಸಿಗುತ್ತದೆ. ಕಂಪ್ಯೂಟರ್‌ನಲ್ಲಿ ನಿಮ್ಮ ಪುಟ ತೆರೆದು ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿ. ಬರುವ ಕಿಟಕಿಯಲ್ಲಿ ಮೇಲುಗಡೆಯೇ ಇವೆರಡು ಸಾಲು ಕಾಣುತ್ತವೆ:

```
<title>ಅಪ್ಪೆಮಿಡಿ – Best Homemade Pickle Joni Bella Happala Kokum Online Sirsi Karnataka</title>
<meta name="description" content="ಶಿರಸಿಯ "ಅಪ್ಪೆಮಿಡಿ" ಉಪ್ಪಿನಕಾಯಿ, ಜೋನಿ ಬೆಲ್ಲ, ಹಪ್ಪಳ ...">
```

ಇನ್ನೆರಡು ಉಪ್ಪಿನಕಾಯಿ ಪುಟಗಳಲ್ಲೂ ಇದೇ ಇದೆ. ಶೀರ್ಷಿಕೆಯ ಮೊದಲ ಪದವೊಂದು ಬೇರೆ, ಉಳಿದ ಬಾಲ ಒಂದೇ. ವಿವರಣೆಯಂತೂ ಅಕ್ಷರ ಬಿಡದೆ ಒಂದೇ, ಹಪ್ಪಳದ ಪುಟದಲ್ಲೂ ಅದೇ.

ಬಾಲ ಎಲ್ಲಿಂದ ಬಂತು

ವರ್ಡ್‌ಪ್ರೆಸ್ ತಾನಾಗಿಯೇ ಶೀರ್ಷಿಕೆ ಕಟ್ಟುವಾಗ ಪುಟದ ಹೆಸರು, ಒಂದು ಗೆರೆ, ಆಮೇಲೆ ಸೈಟಿನ ಹೆಸರು, ಹೀಗೆ ಜೋಡಿಸುತ್ತದೆ. ಸೈಟಿನ ಹೆಸರನ್ನು ಅದು ತೆಗೆದುಕೊಳ್ಳುವುದು ಸೆಟ್ಟಿಂಗ್ಸ್‌ನ ಜನರಲ್ ಭಾಗದಲ್ಲಿರುವ `Site Title` ಎಂಬ ಖಾನೆಯಿಂದ. ಅಲ್ಲಿ ನಿಮ್ಮ ಮಳಿಗೆಯ ಹೆಸರು ಇರಬೇಕಿತ್ತು. ಯಾರೋ ಹುಡುಕಾಟದ ಪದಗಳನ್ನೆಲ್ಲ ಸುರಿದಿದ್ದಾರೆ. ಹಾಗಾಗಿ ಆ ಹತ್ತು ಇಂಗ್ಲಿಷ್ ಪದಗಳು ಹದಿನಾಲ್ಕೂ ಪುಟಕ್ಕೆ ಅಂಟಿಕೊಂಡಿವೆ.

ಇದನ್ನು ನೋಡಿದ ಗೂಗಲ್ ಏನು ಮಾಡುತ್ತದೆ? ಶೀರ್ಷಿಕೆಯನ್ನು ಕೊಟ್ಟ ಹಾಗೇ ತೋರಿಸಬೇಕೆಂಬ ಕಟ್ಟುಪಾಡು ಅದಕ್ಕಿಲ್ಲ. 2021ರ ಆಗಸ್ಟ್‌ನಲ್ಲಿ ಈ ವ್ಯವಸ್ಥೆ ಬದಲಾಯಿತು. ಅಂದಿನಿಂದ ಪುಟದಲ್ಲಿ ಕಣ್ಣಿಗೆ ಕಾಣುವ ದೊಡ್ಡ ತಲೆಬರಹ, ಬೇರೆ ಪುಟಗಳಿಂದ ಅಲ್ಲಿಗೆ ಬರುವ ಕೊಂಡಿಯ ಪದಗಳು, ಇವನ್ನೂ ಅದು ಪರಿಗಣಿಸುತ್ತದೆ. ಸುಮಾರು ಶೇ. 87ರಷ್ಟು ಸಲ ಮಾಲೀಕರು ಬರೆದ ಶೀರ್ಷಿಕೆಯನ್ನೇ ಬಳಸುತ್ತೇವೆ ಎಂದು ಆ ವರ್ಷದ ಸೆಪ್ಟೆಂಬರಿನಲ್ಲಿ ಗೂಗಲ್ ಹೇಳಿತ್ತು. ಬದಲಾಯಿಸುವುದು ಯಾವಾಗ ಎಂದು ಅದು ಕೊಟ್ಟ ಪಟ್ಟಿ ನೋಡಿದರೆ ನಿಮ್ಮ ಸೈಟೇ ನೆನಪಾಗುತ್ತದೆ: ತುಂಬ ಉದ್ದವಾದದ್ದು, ಪದ ತುಂಬಿಸಿದ್ದು, ಎಲ್ಲ ಪುಟದಲ್ಲೂ ಒಂದೇ ಮಾತು ಇರುವುದು.

ನಿಮ್ಮಲ್ಲಿ ಇನ್ನೊಂದು ಸಂಗತಿಯೂ ಇದೆ. ಪುಟದ ಬರಹ ಕನ್ನಡ, ಶೀರ್ಷಿಕೆಯ ಬಹುಪಾಲು ಇಂಗ್ಲಿಷ್. ಶೀರ್ಷಿಕೆಯ ಭಾಷೆ, ಲಿಪಿ ಪುಟದ ಬರಹಕ್ಕೆ ಹೊಂದದಿದ್ದರೆ ಹೊಂದುವ ಬೇರೆ ತಲೆಬರಹವನ್ನು ಹುಡುಕಿ ಹಾಕುವ ಬದಲಾವಣೆಯನ್ನು ಗೂಗಲ್ 2022ರಲ್ಲಿ ತಂದಿದೆ. ನಿಮ್ಮ ಮೂರೂ ಉಪ್ಪಿನಕಾಯಿ ಪುಟಗಳಲ್ಲಿ ಕಣ್ಣಿಗೆ ಕಾಣುವ ದೊಡ್ಡ ತಲೆಬರಹ "ನಮ್ಮ ಉಪ್ಪಿನಕಾಯಿ" ಎಂದೇ ಇದೆ. ಗೂಗಲ್ ಅದನ್ನೇ ಎತ್ತಿಕೊಂಡಿತು, ಮೂರೂ ಪುಟ ಒಂದೇ ಹೆಸರಿನಲ್ಲಿ ಸಾಲಾಗಿ ನಿಂತವು.

ವಿವರಣೆ ಕಳೆದುಹೋದದ್ದು ಉದ್ಧರಣ ಚಿಹ್ನೆಯಲ್ಲಿ

ಮೇಲಿನ ಎರಡನೇ ಸಾಲನ್ನು ಮತ್ತೊಮ್ಮೆ ನೋಡಿ. `content=` ಆದಮೇಲೆ ಬರುವ ಉದ್ಧರಣ ಚಿಹ್ನೆ ವಿವರಣೆಯ ಬಾಗಿಲು. ಮುಂದಿನ ಅದೇ ಚಿಹ್ನೆ ಬಂದ ಕೂಡಲೇ ವಿವರಣೆ ಮುಗಿಯಿತು ಎಂದು ಲೆಕ್ಕ. ಅಪ್ಪೆಮಿಡಿ ಎಂಬ ಪದಕ್ಕೆ ಚಂದಕ್ಕೆಂದು ಹಾಕಿದ ಚಿಹ್ನೆಯೇ ಬಾಗಿಲು ಮುಚ್ಚಿಬಿಟ್ಟಿದೆ. ಯಂತ್ರದ ಕಣ್ಣಿಗೆ ನಿಮ್ಮ ಇಡೀ ವಿವರಣೆ "ಶಿರಸಿಯ" ಎಂಬ ಒಂದೇ ಪದ.

ಹುಡುಕಾಟಕ್ಕೆ ಬೇಕಾದ ಶೀರ್ಷಿಕೆ, ವಿವರಣೆ ಬರೆಯಲು ವರ್ಡ್‌ಪ್ರೆಸ್‌ಗೆ ಸೇರಿಸುವ ಎಸ್‌ಇಒ ಪ್ಲಗಿನ್‌ನ ಖಾನೆಯಲ್ಲಿ ಬರೆದಿದ್ದರೆ ಪ್ಲಗಿನ್ ಆ ಚಿಹ್ನೆಯನ್ನು ಸರಿಯಾಗಿ ಬದಲಾಯಿಸಿಕೊಳ್ಳುತ್ತಿತ್ತು. ಇಲ್ಲಿ ಹಾಗಾಗಿಲ್ಲವೆಂದರೆ, ಈ ಸಾಲನ್ನು ಥೀಮ್‌ನ `header.php` ಕಡತದಲ್ಲಿ ಕೈಯಿಂದ ಅಂಟಿಸಿದ್ದಾರೆ ಎಂದರ್ಥ. ಆ ಕಡತ ಪ್ರತಿ ಪುಟದ ಮೇಲ್ಭಾಗಕ್ಕೂ ಹೋಗುತ್ತದೆ. ಎಲ್ಲ ಪುಟಕ್ಕೂ ವಿವರಣೆ ಹಾಕಿದ್ದೇವೆ ಎಂಬ ಮಾತು ನಿಜವಾಗುವುದು ಹೀಗೆ: ಒಂದು ವಿವರಣೆ, ಹದಿನಾಲ್ಕು ಪುಟ.

ವಿವರಣೆಯಲ್ಲಿ ಉಪಯೋಗಕ್ಕೆ ಬರುವುದು ಸಿಗದಿದ್ದಾಗ ಗೂಗಲ್ ಪುಟದ ಬರಹದಿಂದಲೇ ಒಂದು ತುಣುಕು ಎತ್ತಿಕೊಳ್ಳುತ್ತದೆ. ನಿಮ್ಮ ಪುಟಗಳಲ್ಲಿ ಎಲ್ಲಕ್ಕಿಂತ ಮೇಲೆ ಇರುವುದು ಹಳದಿ ಪಟ್ಟಿಯ ಪಾರ್ಸೆಲ್ ಸೂಚನೆ. ಅದರ ಕೆಳಗೆ ಚಿತ್ರ, ಬೆಲೆ, ಗುಂಡಿ. ಉತ್ಪನ್ನದ ಬಗ್ಗೆ ಪೂರ್ಣ ವಾಕ್ಯ ಎಂಬುದು ತೀರ ಕೆಳಗೆ ಒಂದೋ ಎರಡೋ. ಎತ್ತಿಕೊಳ್ಳಲು ಸುಲಭಕ್ಕೆ ಸಿಕ್ಕಿದ್ದು ಪಾರ್ಸೆಲ್ ಸಾಲು.

ಕೀವರ್ಡ್ ತುಂಬುವ ಸಲಹೆಯ ವಿಷಯ ಇಲ್ಲೇ ಮುಗಿಸಿಬಿಡೋಣ. ಮೆಟಾ ಕೀವರ್ಡ್ ಎಂಬ ಇನ್ನೊಂದು ಗುರುತನ್ನು ವೆಬ್ ಹುಡುಕಾಟದ ಶ್ರೇಯಾಂಕಕ್ಕೆ ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಸಾರಿದೆ. ಮೆಟಾ ವಿವರಣೆಯನ್ನೂ ಶ್ರೇಯಾಂಕಕ್ಕೆ ಎಣಿಸುವುದಿಲ್ಲ. ವಿವರಣೆ ಎಷ್ಟೇ ಚೆನ್ನಾಗಿ ಬರೆದರೂ ಏಳನೇ ಸ್ಥಾನದ ಪುಟ ಮೂರಕ್ಕೆ ಏರುವುದಿಲ್ಲ. ಏಳರಲ್ಲಿದ್ದಾಗ ಅದನ್ನು ಒತ್ತುವವರು ಹೆಚ್ಚಬಹುದು, ಅಷ್ಟೇ. ಶೀರ್ಷಿಕೆಯ ಕತೆ ಸ್ವಲ್ಪ ಬೇರೆ. ಪುಟ ಯಾವುದರ ಬಗ್ಗೆ ಎಂದು ತಿಳಿಯಲು ಗೂಗಲ್ ಅದನ್ನು ಓದುತ್ತದೆ. ಆದರೆ ಹಪ್ಪಳದ ಪುಟದ ಶೀರ್ಷಿಕೆಯಲ್ಲಿ ಬೆಲ್ಲ, ಕೋಕಂ ಎಂದು ಬರೆದರೆ ಅದು ಬೆಲ್ಲ ಹುಡುಕುವವರಿಗೆ ಸಿಗುವುದಿಲ್ಲ, ಹಪ್ಪಳ ಹುಡುಕುವವರಿಗೆ ಗೊಂದಲವಾಗುತ್ತದೆ.

ಬರೆಯುವ ಮೊದಲು ಒಂದು ಹಾಳೆ

ಸರಿಪಡಿಸಲು ನೇರವಾಗಿ ಪ್ಲಗಿನ್ ತೆರೆದು ಕೂತರೆ ಮತ್ತೆ ಒಂದೇ ಥರದ ಹದಿನಾಲ್ಕು ಸಾಲು ಬರುತ್ತವೆ. ಒಂದು ಪುಟ ಬರೆದಾದ ಮೇಲೆ ಮುಂದಿನದು ಬರೆಯುವಾಗ ಹಿಂದಿನದು ಕಣ್ಣೆದುರು ಇರುವುದಿಲ್ಲ. ಹಾಗಾಗಿ ಒಂದು ಸ್ಪ್ರೆಡ್‌ಶೀಟ್ ಮಾಡಿ. ಪುಟದ ವಿಳಾಸ, ಈಗಿನ ಶೀರ್ಷಿಕೆ, ಈಗಿನ ದೊಡ್ಡ ತಲೆಬರಹ, ಜನ ಯಾವ ಪದ ಹಾಕಿ ಬಂದರು, ಹೊಸ ಶೀರ್ಷಿಕೆ, ಹೊಸ ವಿವರಣೆ, ಬದಲಿಸಿದ ದಿನಾಂಕ, ಇಷ್ಟು ಕಾಲಂ ಸಾಕು. ಹೊಸ ಶೀರ್ಷಿಕೆಗಳು ಒಂದರ ಕೆಳಗೊಂದು ಬಂದಾಗ ಪುನರಾವರ್ತನೆ ತಾನೇ ಕಾಣುತ್ತದೆ.

ಜನ ಬಳಸಿದ ಪದಗಳು ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಸಿಗುತ್ತವೆ. ಇದು ಉಚಿತ. ಸೈಟ್ ನಿಮ್ಮದೇ ಎಂದು ಒಮ್ಮೆ ದೃಢಪಡಿಸಬೇಕು. ಪರ್ಫಾರ್ಮೆನ್ಸ್ ವರದಿ ತೆರೆದು, ಪುಟಗಳ ಪಟ್ಟಿಯಲ್ಲಿ ಒಂದು ಪುಟ ಒತ್ತಿ, ಆಮೇಲೆ ಕ್ವೆರೀಸ್ ಪಟ್ಟಿಗೆ ಬನ್ನಿ. ಆ ಒಂದು ಪುಟ ಯಾವ ಯಾವ ಹುಡುಕಾಟಕ್ಕೆ ಕಂಡಿತು, ಎಷ್ಟು ಜನ ಒತ್ತಿದರು ಎಂಬುದು ಬರುತ್ತದೆ. ಹಿಂದಿನ 16 ತಿಂಗಳವರೆಗಿನ ಲೆಕ್ಕ ಸಿಗುತ್ತದೆ. ನಿಮ್ಮದು ಕಾಲಮಾನದ ವ್ಯಾಪಾರವಾದ್ದರಿಂದ ಅಷ್ಟನ್ನೂ ಆರಿಸಿ, ಬರೀ ಮೂರು ತಿಂಗಳು ನೋಡಿದರೆ ಮಿಡಿಯ ಹಂಗಾಮು ಬಿಟ್ಟೇ ಹೋಗಬಹುದು. ತೀರ ಕಡಿಮೆ ಜನ ಹಾಕಿದ ಪದಗಳನ್ನು ಖಾಸಗಿತನಕ್ಕಾಗಿ ಅದು ಮುಚ್ಚಿಡುತ್ತದೆ, ಹಾಗಾಗಿ ಸಾಲುಗಳನ್ನು ಕೂಡಿಸಿದರೆ ಮೇಲಿನ ಒಟ್ಟು ಮೊತ್ತಕ್ಕೆ ತಾಳೆಯಾಗುವುದಿಲ್ಲ. ಅದನ್ನು ದೋಷ ಎಂದುಕೊಳ್ಳಬೇಡಿ.

ಮೂರು ಉಪ್ಪಿನಕಾಯಿ, ಮೂರು ಗಿರಾಕಿ

ನಿಮ್ಮ ಮೂರು ಪುಟಗಳಲ್ಲಿ ಒಂದು ಇಡೀ ಮಿಡಿಗೆ ಖಾರ ಕಲಸಿದ ಉಪ್ಪಿನಕಾಯಿ. ಎರಡನೆಯದು ಉಪ್ಪಿನಲ್ಲಿಟ್ಟ ಬರೀ ಮಿಡಿ. ಮೂರನೆಯದು ಬೆಲ್ಲ ಹಾಕಿದ ಮಾವಿನಕಾಯಿ ಹೋಳಿನದು. ನಿಮಗೆ ಇವು ಮೂರು ಜಾಡಿ. ಗಿರಾಕಿಯ ಕಡೆಯಿಂದ ನೋಡಿದರೆ ಮೂವರು ಬೇರೆ ಬೇರೆ ಜನ. ಮೊದಲನೆಯವರಿಗೆ ಊಟಕ್ಕೆ ಕೂತಾಗ ಡಬ್ಬಿ ತೆರೆದು ಬಡಿಸುವಂಥದ್ದು ಬೇಕು. ಎರಡನೆಯವರು ಮಸಾಲೆ ತಮ್ಮ ಮನೆಯದೇ ಆಗಬೇಕೆನ್ನುವವರು, ಬೆಂಗಳೂರಲ್ಲೋ ಪುಣೆಯಲ್ಲೋ ಇದ್ದು ಮಿಡಿ ಸಿಗದೆ ಪರದಾಡುವವರು. ಮೂರನೆಯವರ ಮನೆಯಲ್ಲಿ ಖಾರ ತಡೆಯದ ಮಕ್ಕಳಿದ್ದಾರೆ. ಹುಡುಕಾಟದ ಪಟ್ಟಿಯಲ್ಲಿ ಮೂರೂ ಪುಟ ಒಟ್ಟಿಗೆ ಕಂಡರೆ, ಪ್ರತಿಯೊಬ್ಬರೂ ಒತ್ತದೆಯೇ ತಮ್ಮದು ಯಾವುದೆಂದು ಹೇಳುವಂತಿರಬೇಕು.

ಹಾಗಾಗಿ ಶೀರ್ಷಿಕೆಯಲ್ಲಿ ಮೊದಲು ವಸ್ತುವಿನ ಹೆಸರು, ಕೂಡಲೇ ಅದನ್ನು ಪಕ್ಕದ ಪುಟದಿಂದ ಬೇರ್ಪಡಿಸುವ ಗುಣ. ಹೀಗೆ:

```
ಅಪ್ಪೆಮಿಡಿ ಉಪ್ಪಿನಕಾಯಿ: ಇಡೀ ಮಿಡಿ, ಸಾಸಿವೆ ಖಾರ
ಉಪ್ಪಿನಲ್ಲಿಟ್ಟ ಅಪ್ಪೆಮಿಡಿ: ಖಾರ ಹಾಕದ್ದು, ಮಸಾಲೆ ನಿಮ್ಮದೇ
ಮಾವಿನಕಾಯಿ ಹೋಳಿನ ಉಪ್ಪಿನಕಾಯಿ: ಬೆಲ್ಲ ಸೇರಿಸಿದ್ದು
```

ಉತ್ತಮ, ಶುದ್ಧ, ಅಪ್ಪಟ, ಮನೆಯಲ್ಲೇ ಮಾಡಿದ್ದು ಎಂಬ ಪದಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಉಪ್ಪಿನಕಾಯಿ ಮಾರುವ ಪ್ರತಿಯೊಬ್ಬರೂ ಅದನ್ನೇ ಬರೆಯುವುದರಿಂದ ಪಟ್ಟಿಯಲ್ಲಿ ಅವು ಯಾರನ್ನೂ ಯಾರಿಂದಲೂ ಬೇರ್ಪಡಿಸುವುದಿಲ್ಲ, ಜಾಗ ತಿನ್ನುತ್ತವೆ. ಬೆಲೆ, ಸ್ಟಾಕ್ ಕೂಡ ಶೀರ್ಷಿಕೆಗೆ ಬೇಡ. ನೀವು ಇಂದು ಬೆಲೆ ಬದಲಿಸಿದರೂ ಗೂಗಲ್ ಪುಟವನ್ನು ಮತ್ತೆ ಓದುವವರೆಗೆ ಹಳೆಯದೇ ಕಾಣುತ್ತದೆ, ಫೋನಿನಲ್ಲಿ ಜಗಳ ನಿಮಗೆ. ಶೀರ್ಷಿಕೆಯಲ್ಲಿ ವರ್ಷ ಹಾಕಿ ಮರೆತವರ ಸೈಟುಗಳೂ ಹೀಗೇ ಹಳಸಲು ಕಾಣುತ್ತವೆ.

ಮಳಿಗೆಯ ಹೆಸರು ಎಲ್ಲಿ ಹೋಯಿತು ಎಂದು ಕೇಳಬಹುದು. ಗೂಗಲ್ 2022ರ ಅಕ್ಟೋಬರ್‌ನಿಂದ ಮೊಬೈಲ್‌ನಲ್ಲಿ, ಮರುವರ್ಷದಿಂದ ಕಂಪ್ಯೂಟರ್‌ನಲ್ಲಿ, ಶೀರ್ಷಿಕೆಯ ಮೇಲೆ ಸೈಟಿನ ಹೆಸರನ್ನು ಪ್ರತ್ಯೇಕವಾಗಿ ತೋರಿಸುತ್ತಿದೆ. ಹೆಸರು ಅಲ್ಲಿ ಸರಿಯಾಗಿ ಬರಬೇಕಾದರೆ `Site Title` ಖಾನೆಯಲ್ಲಿ ಮಳಿಗೆಯ ಹೆಸರು ಮಾತ್ರ ಇರಲಿ, ಮುಖಪುಟದಲ್ಲೂ ಅದೇ ಹೆಸರು ಅದೇ ಕಾಗುಣಿತದಲ್ಲಿ ಕಾಣಲಿ. ಆಮೇಲೆ ಶೀರ್ಷಿಕೆಯಲ್ಲಿ ಹೆಸರು ಬೇಕಾದದ್ದು ಮುಖಪುಟಕ್ಕೆ, ಸಂಪರ್ಕ ಪುಟಕ್ಕೆ. ಉತ್ಪನ್ನದ ಪುಟದಲ್ಲಿ ಜಾಗ ಉಳಿದರೆ ಕೊನೆಯಲ್ಲಿ ಇರಲಿ, ಉಳಿಯದಿದ್ದರೆ ಬಿಡಿ.

ಶೀರ್ಷಿಕೆ ಬದಲಿಸಿ ತಲೆಬರಹ ಹಾಗೇ ಬಿಟ್ಟರೆ ಕೆಲಸ ಅರ್ಧವಾದಂತೆ. "ನಮ್ಮ ಉಪ್ಪಿನಕಾಯಿ" ಎಂಬುದನ್ನು ಮೂರೂ ಪುಟದಲ್ಲಿ ತೆಗೆದು, ಆಯಾ ಉತ್ಪನ್ನದ ಹೆಸರನ್ನೇ ದೊಡ್ಡ ತಲೆಬರಹ ಮಾಡಿ. ಶೀರ್ಷಿಕೆಯ ಪಡಿಯಚ್ಚು ಆಗಬೇಕೆಂದಿಲ್ಲ, ಆದರೆ ಎರಡೂ ಒಂದೇ ವಸ್ತುವನ್ನು ಹೆಸರಿಸಬೇಕು. ಹಾಗೆ ಮಾಡುವಾಗ ಪುಟದ ವಿಳಾಸವನ್ನು ಮಾತ್ರ ಮುಟ್ಟಬೇಡಿ. ತಲೆಬರಹದ ಜೊತೆ ವಿಳಾಸವನ್ನೂ ಚಂದ ಮಾಡಲು ಹೋಗಿ, ಹಳೆಯ ವಿಳಾಸದಿಂದ ಹೊಸದಕ್ಕೆ ದಾರಿ ಕೊಡದೆ ಬಿಟ್ಟರೆ, ವಾಟ್ಸ್‌ಆ್ಯಪ್‌ನಲ್ಲಿ ಈವರೆಗೆ ಹಂಚಿದ ಕೊಂಡಿಗಳೂ ಸತ್ತವು, ಗೂಗಲ್‌ನಲ್ಲಿ ಗಳಿಸಿದ್ದೂ ಹೋಯಿತು.

ಉಳಿದ ಉತ್ಪನ್ನಗಳಲ್ಲಿ ಜೋನಿ ಬೆಲ್ಲಕ್ಕೆ ಒಂದು ಮಾತು ಸೇರಿಸಬೇಕು. ಶಿರಸಿಯಲ್ಲಿ ಜೋನಿ ಎಂದರೆ ಸಾಕು, ಮೈಸೂರಿನ ಗಿರಾಕಿಗೆ ಅದು ಅಚ್ಚೋ ಪುಡಿಯೋ ಗೊತ್ತಿಲ್ಲ. "ಜೋನಿ ಬೆಲ್ಲ: ಸುರಿಯುವಂಥ ಕಬ್ಬಿನ ಬೆಲ್ಲ, ಬಾಟಲಿಯಲ್ಲಿ" ಎಂದರೆ ತಿಳಿಯುತ್ತದೆ. ಮುರುಗಲಿಗೆ ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುತ್ತಾರೆ, ಪೇಟೆಯಲ್ಲಿ ಕೋಕಂ. ಮೂರನ್ನೂ ಶೀರ್ಷಿಕೆಗೆ ತುರುಕಬೇಡಿ. ಸರ್ಚ್ ಕನ್ಸೋಲ್‌ನಲ್ಲಿ ಯಾವುದು ಹೆಚ್ಚು ಬಂದಿದೆಯೋ ಅದು ಶೀರ್ಷಿಕೆಗೆ, ಉಳಿದೆರಡು ವಿವರಣೆಗೆ ಮತ್ತು ಪುಟದ ಮೊದಲ ವಾಕ್ಯಕ್ಕೆ.

ಜನ `appe midi pickle` ಎಂದು ಇಂಗ್ಲಿಷ್ ಅಕ್ಷರದಲ್ಲೇ ಹುಡುಕುತ್ತಾರಲ್ಲ, ಶೀರ್ಷಿಕೆ ಕನ್ನಡದಲ್ಲಿದ್ದರೆ ಸಿಗುತ್ತೇವೆಯೇ ಎಂಬ ಅಂಜಿಕೆ ಸಹಜ. ಇಲ್ಲಿ ಮೂರು ದಾರಿ. ಕನ್ನಡ ಶೀರ್ಷಿಕೆ ಇಟ್ಟು, ಪುಟದ ಒಳಗೆ ತಲೆಬರಹದ ಕೆಳಗಿನ ಸಾಲಿನಲ್ಲಿ ಇಂಗ್ಲಿಷ್ ಹೆಸರು ಬರೆಯುವುದು ಒಂದು. ಇದರಲ್ಲಿ ಅಪಾಯ ಕಡಿಮೆ, ಹೆಚ್ಚಿನ ಸಣ್ಣ ಸೈಟುಗಳಿಗೆ ನಾನು ಹೇಳುವುದು ಇದನ್ನೇ. ಶೀರ್ಷಿಕೆಯಲ್ಲೇ ಎರಡೂ ಲಿಪಿ ಹಾಕುವುದು ಇನ್ನೊಂದು. ಆಗ ಉದ್ದ ಬೆಳೆದು ಬೇರ್ಪಡಿಸುವ ಗುಣಕ್ಕೇ ಜಾಗ ಇರುವುದಿಲ್ಲ, ಗೂಗಲ್ ಅರ್ಧ ಕತ್ತರಿಸಿದರೂ ಅಚ್ಚರಿಯಿಲ್ಲ. ಹೊರರಾಜ್ಯದ ಗಿರಾಕಿಗಳೇ ಹೆಚ್ಚಿದ್ದರೆ ಪೂರ್ತಿ ಇಂಗ್ಲಿಷ್ ಪುಟವನ್ನೇ ಬೇರೆ ಮಾಡುವುದು ಮೂರನೆಯದು. ಅದು ಸರಿಯಾದ ದಾರಿಯೇ, ಆದರೆ ಹದಿನಾಲ್ಕು ಪುಟ ಇಪ್ಪತ್ತೆಂಟಾಗುತ್ತದೆ, ಬೆಲೆ ಬದಲಾದಾಗಲೆಲ್ಲ ಎರಡು ಕಡೆ ತಿದ್ದಬೇಕು.

ಎಷ್ಟು ಉದ್ದ?

ಇಂಗ್ಲಿಷ್‌ನವರಿಗೆ ಹೇಳುವ 60 ಅಕ್ಷರದ ಲೆಕ್ಕ ನಿಮಗೆ ನಡೆಯುವುದಿಲ್ಲ. ಗೂಗಲ್ ಅಕ್ಷರ ಎಣಿಸಿ ಕತ್ತರಿಸುವುದಿಲ್ಲ, ಪರದೆಯಲ್ಲಿ ಇರುವ ಅಗಲಕ್ಕೆ ಕತ್ತರಿಸುತ್ತದೆ. ಕಂಪ್ಯೂಟರ್‌ನಲ್ಲಿ ಶೀರ್ಷಿಕೆಗೆ ಸಿಗುವುದು ಸುಮಾರು 600 ಪಿಕ್ಸೆಲ್. ಕನ್ನಡದ ಅಕ್ಷರ ಇಂಗ್ಲಿಷಿನದಕ್ಕಿಂತ ಅಗಲ. ಅದರ ಮೇಲೆ ಎಣಿಸುವ ಉಪಕರಣಗಳ ಲೆಕ್ಕವೇ ಬೇರೆ: "ಉಪ್ಪಿನಕಾಯಿ" ನಮಗೆ ಐದು ಅಕ್ಷರ, ಕಂಪ್ಯೂಟರ್‌ಗೆ ಒತ್ತು, ಗುಣಿತ, ಅರ್ಧಾಕ್ಷರದ ಚಿಹ್ನೆ ಎಲ್ಲ ಸೇರಿ ಹತ್ತು. ಪ್ಲಗಿನ್ ಕೆಂಪು ದೀಪ ತೋರಿಸಿತೆಂದು ಒಳ್ಳೆಯ ಕನ್ನಡ ಶೀರ್ಷಿಕೆಯನ್ನು ಕೊಯ್ಯಬೇಡಿ, ಹಸಿರು ಬಂತೆಂದು ನಂಬಲೂಬೇಡಿ.

ನಾವು ಬಾಯಲ್ಲಿ ಎಣಿಸುವ ಅಕ್ಷರದ ಲೆಕ್ಕದಲ್ಲಿ 25ರ ಆಸುಪಾಸು ಇಟ್ಟುಕೊಳ್ಳಿ. ಇದು ಗೂಗಲ್‌ನ ನಿಯಮವಲ್ಲ, ಕೈಯಳತೆ. ಮೇಲಿನ ಮೂರು ಶೀರ್ಷಿಕೆಗಳು 18, 20 ಮತ್ತು 19 ಅಕ್ಷರದವು. ಸಂಶಯವಿದ್ದರೆ ನಿಮ್ಮ ಪದಗಳನ್ನೇ ಗೂಗಲ್‌ನಲ್ಲಿ ಹುಡುಕಿ, ಬೇರೆಯವರ ಕನ್ನಡ ಶೀರ್ಷಿಕೆಗಳು ಎಷ್ಟನೇ ಅಕ್ಷರಕ್ಕೆ ಮೂರು ಚುಕ್ಕಿಯಾಗುತ್ತವೆ ಎಂದು ನೋಡಿ. ಮೊಬೈಲ್‌ನಲ್ಲಿ ಎರಡು ಸಾಲಿಗೆ ಮಡಚಿಕೊಳ್ಳುವುದರಿಂದ ತುಸು ಹೆಚ್ಚೇ ಕಾಣುತ್ತದೆ.

ವಿವರಣೆಯ ಉದ್ದದ ಬೆನ್ನು ಹತ್ತುವುದು ಇನ್ನೂ ವ್ಯರ್ಥ. 2017ರ ಡಿಸೆಂಬರ್‌ನಲ್ಲಿ ಗೂಗಲ್ ಈ ತುಣುಕುಗಳನ್ನು ಉದ್ದ ಮಾಡಿತು. 300 ದಾಟುವಂತೆ ಎಲ್ಲವನ್ನೂ ಮತ್ತೆ ಬರೆದವರು 2018ರ ಮೇ ತಿಂಗಳಲ್ಲಿ ಅದು ಮತ್ತೆ ಚಿಕ್ಕದಾದಾಗ ಪೆಚ್ಚಾದರು. ಎರಡು ಚಿಕ್ಕ ವಾಕ್ಯ, ಹೆಚ್ಚೆಂದರೆ ಮೂರು. ಮೊದಲ ವಾಕ್ಯ ಒಂದೇ ಕಂಡರೂ ಅರ್ಥವಾಗುವಂತಿದ್ದರೆ ಎಲ್ಲಿ ಕತ್ತರಿಸಿದರೂ ನಷ್ಟವಿಲ್ಲ.

ವಿವರಣೆಯಲ್ಲಿ ಏನಿರಬೇಕು

ಶೀರ್ಷಿಕೆ ಹೇಳಿದ್ದನ್ನು ವಿವರಣೆ ಮತ್ತೆ ಹೇಳಬಾರದು. ಗಿರಾಕಿ ಫೋನ್ ಮಾಡಿ ಕೇಳುವ ಮುಂದಿನ ಪ್ರಶ್ನೆಗೆ ಅಲ್ಲಿ ಉತ್ತರ ಇರಲಿ. ಖಾರದ ಉಪ್ಪಿನಕಾಯಿಗೆ:

```
ಶಿರಸಿ ಸುತ್ತಿನ ಮಿಡಿ, ತೊಟ್ಟು ಸಹಿತ ಉಪ್ಪಿನಲ್ಲಿಟ್ಟು ಸಾಸಿವೆ, ಮೆಣಸಿನ ಖಾರ ಕಲಸಿದ್ದು. ವಿನೆಗರ್ ಇಲ್ಲ. ಅರ್ಧ ಮತ್ತು ಒಂದು ಕೆ.ಜಿ. ಡಬ್ಬಿ, ಸೋರದಂತೆ ಪ್ಯಾಕ್ ಮಾಡಿ ಕಳಿಸುತ್ತೇವೆ.
```

ಉಪ್ಪಿನಲ್ಲಿಟ್ಟ ಮಿಡಿಗೆ ಪ್ರಶ್ನೆಗಳೇ ಬೇರೆ. ಕೊಡುವ ತೂಕದಲ್ಲಿ ಉಪ್ಪುನೀರೂ ಸೇರಿದೆಯೇ ಎಂದು ಎಲ್ಲರೂ ಕೇಳುತ್ತಾರೆ:

```
ಮನೆಯ ಮಸಾಲೆಯಲ್ಲೇ ಉಪ್ಪಿನಕಾಯಿ ಹಾಕುವವರಿಗೆ, ಉಪ್ಪುನೀರಿನಲ್ಲಿರುವ ಇಡೀ ಮಿಡಿ. ತೂಕ ನೀರು ಬಸಿದ ಮೇಲಿನದು: ಒಂದು ಮತ್ತು ಎರಡು ಕೆ.ಜಿ.
```

ಇಲ್ಲಿ ಬರೆದದ್ದೆಲ್ಲ ನಿಮ್ಮ ಜಾಡಿಗೆ ನಿಜವಾಗಿದ್ದರೆ ಮಾತ್ರ ಇಟ್ಟುಕೊಳ್ಳಿ, ಇಲ್ಲದಿದ್ದರೆ ತಿದ್ದಿ. ಮತ್ತು ಇದೇ ಸಂಗತಿಗಳು ಪುಟದ ಒಳಗೂ, ತಲೆಬರಹದ ಕೆಳಗೇ, ಪೂರ್ಣ ವಾಕ್ಯದಲ್ಲಿ ಇರಬೇಕು. ಗೂಗಲ್ ತುಣುಕನ್ನು ಮುಖ್ಯವಾಗಿ ಪುಟದ ಬರಹದಿಂದಲೇ ಕಟ್ಟುತ್ತದೆ. ಹುಡುಕಿದ ಪದಕ್ಕೆ ನಿಮ್ಮ ವಿವರಣೆ ಹೆಚ್ಚು ಹೊಂದುತ್ತದೆ ಅನಿಸಿದಾಗ ಅದನ್ನು ಬಳಸುತ್ತದೆ. ಒಂದೇ ಪುಟಕ್ಕೆ ಇಬ್ಬರು ಬೇರೆ ಬೇರೆ ಪದ ಹಾಕಿ ಬಂದರೆ ಇಬ್ಬರಿಗೂ ಬೇರೆ ತುಣುಕು ಕಾಣಬಹುದು. ಹಾಗಾಗಿ ಪುಟದ ಮೊದಲ ಎರಡು ವಾಕ್ಯ ಚೆನ್ನಾಗಿದ್ದರೆ ಅದು ವಿವರಣೆಯನ್ನು ಕೈಬಿಟ್ಟ ದಿನವೂ ನಿಮ್ಮ ಮರ್ಯಾದೆ ಉಳಿಯುತ್ತದೆ.

ಪಾರ್ಸೆಲ್ ಸೂಚನೆಯನ್ನು ತೆಗೆಯಬೇಕಾಗಿಲ್ಲ, ಗಿರಾಕಿಗೆ ಅದು ಬೇಕು. ತುಣುಕಿಗೆ ಬಳಸಬೇಡ ಎಂದು ಗೂಗಲ್‌ಗೆ ಹೇಳಲು ಒಂದು ಗುರುತಿದೆ:

```
<div data-nosnippet>ಮಳೆಗಾಲದಲ್ಲಿ ಪಾರ್ಸೆಲ್ ತಡವಾಗಬಹುದು</div>
```

`div`, `span`, `section` ಈ ಮೂರಕ್ಕೆ ಮಾತ್ರ ಇದು ನಡೆಯುತ್ತದೆ. ಪಟ್ಟಿಯನ್ನು ಮುಚ್ಚುವ `</div>` ಸರಿಯಾಗಿದೆಯೇ ನೋಡಿಕೊಳ್ಳಿ. ತಪ್ಪಿ ಇಡೀ ಪುಟವನ್ನೇ ಇದರೊಳಗೆ ಸೇರಿಸಿಬಿಟ್ಟರೆ ಪುಟದ ಬರಹದಿಂದ ತೋರಿಸಲು ಏನೂ ಉಳಿಯುವುದಿಲ್ಲ.

ಹಾಕುವುದು, ಆಮೇಲೆ ಕಾಯುವುದು

ಮೊದಲು ಸೈಟಿನ ಬ್ಯಾಕಪ್. ಆಮೇಲೆ `Site Title` ಖಾನೆ ಸರಿಮಾಡಿ. ಇದೊಂದರಿಂದಲೇ ಹದಿನಾಲ್ಕೂ ಪುಟದ ಬಾಲ ಬೀಳುತ್ತದೆ, ಐದು ನಿಮಿಷದ ಕೆಲಸ. `header.php`ಯಲ್ಲಿ ಅಂಟಿಸಿದ ವಿವರಣೆಯ ಸಾಲನ್ನು ತೆಗೆಯುವುದು ಸೈಟ್ ಮಾಡಿಕೊಟ್ಟವರ ಕೆಲಸವಾಗಲಿ. ಆ ಕಡತದಲ್ಲಿ ಒಂದು ಚಿಹ್ನೆ ತಪ್ಪಿದರೂ ಇಡೀ ಸೈಟ್ ಬಿಳಿ ಪರದೆಯಾದೀತು. ತೆಗೆಯದೆ ಪ್ಲಗಿನ್‌ನಲ್ಲಿ ಹೊಸ ವಿವರಣೆ ಬರೆದರೆ ಪ್ರತಿ ಪುಟಕ್ಕೂ ಎರಡೆರಡು ವಿವರಣೆಗಳಾಗುತ್ತವೆ, ಯಾವುದನ್ನು ಹಿಡಿಯುತ್ತದೆಂದು ಹೇಳಲಾಗದು. ಎಸ್‌ಇಒ ಪ್ಲಗಿನ್ ಒಂದೇ ಇರಲಿ. ಯೋಸ್ಟ್, ರ‍್ಯಾಂಕ್ ಮ್ಯಾತ್ ಯಾವುದಾದರೂ ಸರಿ, ಎರಡೂ ಒಟ್ಟಿಗೆ ಬೇಡ.

ಪುಟಗಳಿಗೆ ಕೈಯಿಂದಲೇ ಬರೆಯಬೇಕೋ, ಪ್ಲಗಿನ್ ತಾನೇ ಪದ ತುಂಬಿಕೊಳ್ಳುವ ಅಚ್ಚು ಸಾಕೋ? ಸಾವಿರ ಉತ್ಪನ್ನದ ಅಂಗಡಿಗೆ ಅಚ್ಚೇ ಗತಿ. ಹದಿನಾಲ್ಕು ಪುಟಕ್ಕೆ ಕೈಬರಹವೇ ಸರಿ, ಒಂದು ಮಧ್ಯಾಹ್ನ ಸಾಕು. ಅದಕ್ಕೂ ಪುರುಸೊತ್ತಿಲ್ಲದಿದ್ದರೆ ಮುಖಪುಟ ಮತ್ತು ಉತ್ಪನ್ನದ ಪುಟಗಳಿಗೆ ಬರೆದು, ಉಳಿದವಕ್ಕೆ ವಿವರಣೆ ಖಾಲಿ ಬಿಡಿ. ಖಾಲಿ ಇದ್ದರೆ ಗೂಗಲ್ ಪುಟದಿಂದ ಆರಿಸುತ್ತದೆ, ಎಲ್ಲ ಕಡೆ ಒಂದೇ ವಿವರಣೆ ಅಂಟಿಸುವುದಕ್ಕಿಂತ ಅದು ವಾಸಿ. ಕಾರ್ಟ್, ಲಾಗಿನ್, ಖಾಲಿ ಟ್ಯಾಗ್ ಪುಟಗಳಿಗೆ ಶೀರ್ಷಿಕೆ ಚಂದ ಮಾಡುತ್ತ ಕೂರಬೇಡಿ, ಪ್ಲಗಿನ್‌ನಲ್ಲೇ ಅವಕ್ಕೆ ಹುಡುಕಾಟದಲ್ಲಿ ತೋರಿಸಬೇಡ ಎನ್ನುವ `noindex` ಕೊಡಿ.

ಉಳಿಸಿದ ಮೇಲೆ ಕ್ಯಾಶ್, ಅಂದರೆ ಕೂಡಿಟ್ಟ ಹಳೆಯ ಪ್ರತಿಗಳನ್ನು, ಖಾಲಿ ಮಾಡಿ, ಮತ್ತೆ ಮೂಲ ಕೋಡ್ ತೆರೆದು `name="description"` ಎಂದು ಹುಡುಕಿ. ಪುಟಕ್ಕೆ ಒಂದೇ ಸಲ ಸಿಗಬೇಕು. `<title>` ಕೂಡ ತಲೆಯ ಭಾಗದಲ್ಲಿ ಒಂದೇ. ಕೆಳಗೆಲ್ಲೋ ಐಕಾನ್ ಚಿತ್ರದ ಒಳಗೆ ಇನ್ನೊಂದು ಕಂಡರೆ ಗಾಬರಿ ಬೇಡ, ಅದು ಆ ಚಿತ್ರದ್ದು. ಸರಿಯಿದ್ದರೆ ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್ಸ್‌ಪೆಕ್ಷನ್‌ನಲ್ಲಿ ವಿಳಾಸ ಹಾಕಿ, ಮರು ಓದಿಗೆ ಕೋರಿಕೆ ಸಲ್ಲಿಸಿ. ಫಲ ಕಾಣಲು ಕೆಲವು ದಿನವೂ ಆಗಬಹುದು, ಕೆಲವು ವಾರವೂ. ಅಷ್ಟರಲ್ಲಿ ತಾಳ್ಮೆಗೆಟ್ಟು ಮತ್ತೆ ಮತ್ತೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ನಿಮಗೇ ತಿಳಿಯುವುದಿಲ್ಲ.

ಗೂಗಲ್‌ನಲ್ಲಿ `site:` ಎಂದು ಬರೆದು ಅದಕ್ಕೆ ಅಂಟಿಸಿ ನಿಮ್ಮ ವಿಳಾಸ ಹಾಕಿದರೆ ನಿಮ್ಮ ಪುಟಗಳು ಪಟ್ಟಿಯಾಗಿ ಬರುತ್ತವೆ. ಹೊಸ ಶೀರ್ಷಿಕೆ ಬಂತೇ ಎಂದು ಅಲ್ಲಿ ನೋಡಬಹುದು. ಕೆಳಗಿನ ತುಣುಕನ್ನು ಮಾತ್ರ ಅಲ್ಲಿ ನಂಬಬೇಡಿ, ಗಿರಾಕಿ ಹಾಕುವಂಥ ಪದವನ್ನೇ ಹಾಕಿ ಹುಡುಕಿ ನೋಡಿ.

ಒತ್ತುವವರು ಹೆಚ್ಚಿದರೇ ಎಂದು ಅಳೆಯುವಾಗ ಒಂದೇ ಪುಟ, ಒಂದೇ ಪದ ಆರಿಸಿ, ಬದಲಾವಣೆಗೆ ಮುಂಚಿನ 28 ದಿನ ಮತ್ತು ಹೊಸ ಶೀರ್ಷಿಕೆ ಕಂಡ ಮೇಲಿನ 28 ದಿನಗಳನ್ನು ಹೋಲಿಸಿ. ಸರಾಸರಿ ಸ್ಥಾನ ಹೆಚ್ಚುಕಡಿಮೆ ಅಷ್ಟೇ ಇದ್ದು ಕ್ಲಿಕ್‌ನ ಪ್ರಮಾಣ ಏರಿದ್ದರೆ ಅದು ನಿಮ್ಮ ಬರಹದ ಫಲ. ಸ್ಥಾನವೇ ಬದಲಾಗಿದ್ದರೆ ಲೆಕ್ಕ ಬೇರೆ. ತಿಂಗಳಿಗೆ ಮೂವತ್ತು ನಲವತ್ತು ಸಲ ಕಾಣುವ ಪುಟದಲ್ಲಿ ಎರಡು ಕ್ಲಿಕ್ ಹೆಚ್ಚಿದರೆ ಏನೂ ಹೇಳಲಾಗದು, ಇನ್ನೂ ಎರಡು ಮೂರು ತಿಂಗಳು ಕೂಡಿಸಿ. ಮಿಡಿ ಬರುವ ಬೇಸಿಗೆಯ ಲೆಕ್ಕವನ್ನು ಮಳೆಗಾಲದ ಲೆಕ್ಕಕ್ಕೆ ಹೋಲಿಸಬೇಡಿ, ಆಗ ಹುಡುಕುವವರೇ ಬೇರೆ.

ಒಂದೂವರೆ ಎರಡು ತಿಂಗಳಾದರೂ ಯಾವುದೋ ಪುಟಕ್ಕೆ ಗೂಗಲ್ ತನ್ನದೇ ಶೀರ್ಷಿಕೆ ತೋರಿಸುತ್ತಿದ್ದರೆ, ಅದು ತೋರಿಸುವ ಪದಗಳನ್ನು ನಕಲು ಮಾಡಿಕೊಂಡು ನಿಮ್ಮ ಪುಟದೊಳಗೆ ಹುಡುಕಿ. ತಲೆಬರಹದಲ್ಲೋ, ಮೆನುವಿನಲ್ಲೋ, ಮುಖಪುಟದಿಂದ ಅಲ್ಲಿಗೆ ಹೋಗುವ ಕೊಂಡಿಯಲ್ಲೋ ಅದು ಸಾಮಾನ್ಯವಾಗಿ ಸಿಗುತ್ತದೆ. ನಿಮ್ಮ ಮೆನುವಿನಲ್ಲಿ ಉಪ್ಪುಮಿಡಿಯ ಕೊಂಡಿಗೆ ಈಗಲೂ "ಉಪ್ಪಿನಕಾಯಿ 2" ಎಂದೇ ಹೆಸರಿದೆ. ಅದನ್ನು ಇವತ್ತೇ ತಿದ್ದಿಬಿಡಿ.